ಬಲಗಡೆ ಸ್ಪೀಕರ್‌ನಲ್ಲಿ ಸದ್ದು ಕಮ್ಮಿ, ಜೊತೆಗೆ ಗುಂಯ್ ಅನ್ನೋ ಹಮ್: ಕಾರ್ಟ್ರಿಜ್ ತಂತಿಯಾ, ಫೋನೋ ಸ್ಟೇಜಾ, ಗ್ರೌಂಡ್ ವೈರಾ?

ಶಾಲ್ಮಲಾ

ಎಲ್ಲರಿಗೂ ನಮಸ್ಕಾರ. ನನ್ನ ಟರ್ನ್‌ಟೇಬಲ್ ಹಳೆಯದು, ಬೆಲ್ಟ್ ಡ್ರೈವ್. ಹೆಡ್‌ಶೆಲ್ ಬಿಚ್ಚಿ ತೆಗೆಯುವ ಥರದ್ದು. ಹೋದ ವಾರ ಹೊಸ ಕಾರ್ಟ್ರಿಜ್ ನಾನೇ ಕೂರಿಸಿದೆ, ಆಡಿಯೋ ಟೆಕ್ನಿಕಾದ ವಿಎಂ95ಇ. ಅವತ್ತಿಂದ ಎರಡು ತೊಂದರೆ ಶುರುವಾಗಿವೆ.

ಎಡಗಡೆ ಹಾಡು ಚೆನ್ನಾಗಿ ಬರುತ್ತದೆ. ಬಲಗಡೆ ಮಾತ್ರ ದೂರದಿಂದ ಟೆಲಿಫೋನಿನಲ್ಲಿ ಕೇಳಿದ ಹಾಗೆ ತೆಳ್ಳಗೆ ಬರುತ್ತದೆ. ಬೇಸ್ ಅಂತೂ ಇಲ್ಲವೇ ಇಲ್ಲ. ಅದರ ಮೇಲೆ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ. ಎಡಗಡೆಯೂ ಹಮ್ ಇದೆ, ಆದರೆ ಸಣ್ಣದು. ಹಳೇ ಕಾರ್ಟ್ರಿಜ್ ಇದ್ದಾಗಲೂ ಅಷ್ಟು ಇತ್ತು ಅಂತ ನೆನಪು, ತಲೆ ಕೆಡಿಸಿಕೊಂಡಿರಲಿಲ್ಲ.

ಫೋನೋ ಸ್ಟೇಜ್ ಬೇರೆ ಪೆಟ್ಟಿಗೆ, ಅದರಿಂದ ಆಂಪ್ಲಿಫೈಯರ್. ಗ್ರೌಂಡ್ ವೈರ್ ಫೋನೋ ಸ್ಟೇಜಿನ ತಿರುಪಿಗೆ ಬಿಗಿದಿದ್ದೇನೆ. ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲು ಸುಮಾರಾಗಿ ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ರಬ್ಬರ್ ಬೆಲ್ಟ್

ನೂರಕ್ಕೆ ನೂರು ಗ್ರೌಂಡ್ ವೈರ್. ನನಗೂ ಹೀಗೇ ಆಗಿತ್ತು. ತಿರುಪು ಬಿಚ್ಚಿ, ತುದಿ ಕೆರೆದು, ಮತ್ತೆ ಬಿಗಿಮಾಡಿ. ಎರಡು ನಿಮಿಷದ ಕೆಲಸ.

ಲೋಹಿತ

ಗುಂಯ್ ಅನ್ನುವುದು ಮೋಟಾರ್ ಸದ್ದಲ್ವಾ? ತಟ್ಟೆಯ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಕಿ ನೋಡಿ. ಕೆಳಗೆ ಸ್ಪಂಜಿನ ಕಾಲು ಇಟ್ಟರೂ ಆಗುತ್ತದೆ. ನಂದು ಹಾಗೇ ಸರಿಹೋಯ್ತು.

ಹಳೇ ಬೆಸುಗೆ

ಶಾಲ್ಮಲಾ ಮೇಡಂ, ಏನನ್ನೂ ಬಿಚ್ಚುವ ಮೊದಲು ಎರಡು ವಿಷಯ ಹೇಳಿ.

ಸ್ಟೈಲಸ್ ಪ್ಲೇಟಿನ ಮೇಲೆ ಇಲ್ಲದಾಗ, ಆರ್ಮ್ ಅದರ ಜಾಗದಲ್ಲಿ ಕೂತಿರುವಾಗ, ಮೋಟಾರ್ ನಿಂತಿರುವಾಗ ಹಮ್ ಇದೆಯಾ? ಇದ್ದರೆ ಲೋಹಿತ ಅವರು ಹೇಳಿದ ಮೋಟಾರ್ ಅದಲ್ಲ. ಮೋಟಾರಿನ ನಡುಕ ಸ್ಟೈಲಸ್ ಮೂಲಕವೇ ಒಳಗೆ ಬರಬೇಕು, ಎತ್ತಿದರೆ ನಿಲ್ಲುತ್ತದೆ. ನಿಮ್ಮದು ಮೇನ್ಸ್ ಕರೆಂಟಿನ ಸದ್ದು, 50 ಹರ್ಟ್ಸ್, ಕೆಲವು ದೇಶಗಳಲ್ಲಿ 60. ಸುಮ್ನೆ ಮ್ಯಾಟ್ ತರಬೇಡಿ.

ಎರಡನೆಯದು, ಆರ್ಮಿನ ಲೋಹದ ಭಾಗವನ್ನು ಬೆರಳಲ್ಲಿ ಮುಟ್ಟಿದರೆ ಹಮ್ ಜಾಸ್ತಿ ಆಗುತ್ತದಾ, ಕಮ್ಮಿ ಆಗುತ್ತದಾ?

ಶಾಲ್ಮಲಾ

ಮೋಟಾರ್ ಆಫ್ ಮಾಡಿದರೂ ಹಮ್ ಇದೆ ಸಾರ್. ಆರ್ಮ್ ಮುಟ್ಟಿದರೆ ಎಡಗಡೆಯದು ಪೂರ್ತಿ ಅಡಗುತ್ತದೆ. ಬಲಗಡೆ ಸ್ವಲ್ಪ ಇಳಿಯುತ್ತದೆ, ಆದರೆ ಹೋಗುವುದಿಲ್ಲ. ರಬ್ಬರ್ ಬೆಲ್ಟ್ ಅವರು ಹೇಳಿದ ಹಾಗೆ ತಿರುಪು ಬಿಚ್ಚಿ ಕೆರೆದು ಬಿಗಿಮಾಡಿದೆ. ಏನೂ ಬದಲಾಗಲಿಲ್ಲ.

ಹಳೇ ಬೆಸುಗೆ

ಹಾಗಾದರೆ ನಿಮ್ಮ ಹತ್ತಿರ ಇರುವುದು ಒಂದು ರೋಗ ಅಲ್ಲ, ಎರಡು. ಬಿಡಿಸಿ ಹೇಳುತ್ತೇನೆ.

ಗ್ರೌಂಡ್ ವೈರಿಗೆ ಹಾಡಿನ ಜೊತೆ ಸಂಬಂಧವೇ ಇಲ್ಲ. ಅದು ಆರ್ಮಿನ ಲೋಹ, ಟರ್ನ್‌ಟೇಬಲಿನ ಮೈ, ಇವನ್ನು ಫೋನೋ ಸ್ಟೇಜಿಗೆ ಕಟ್ಟುತ್ತದೆ ಅಷ್ಟೇ. ಅದು ಕಡಿದರೆ ಎರಡೂ ಕಡೆ ಹಮ್ ಬರುತ್ತದೆ, ಹೆಚ್ಚುಕಮ್ಮಿ ಒಂದೇ ಸಮ. ಆದರೆ ಹಾಡಿನ ಸದ್ದು ಇಳಿಯುವುದಿಲ್ಲ, ಬೇಸ್ ಮಾಯವಾಗುವುದಿಲ್ಲ. ಮುಟ್ಟಿದಾಗ ಎಡಗಡೆ ಅಡಗಿತು ಅಂದಿರಲ್ಲ, ಆರ್ಮಿಗೆ ಗ್ರೌಂಡ್ ಸರಿಯಾಗಿ ಸಿಕ್ಕಿಲ್ಲ ಅನ್ನುವುದಕ್ಕೆ ಅದೇ ಗುರುತು. ರಬ್ಬರ್ ಬೆಲ್ಟ್ ಹೇಳಿದ್ದು ಅಲ್ಲಿಗೆ ಸರಿ.

ಬಲಗಡೆಯ ತೆಳು ಸದ್ದು ಬೇರೆ. ಕಾರ್ಟ್ರಿಜ್‌ನಿಂದ ಒಂದೊಂದು ಚಾನೆಲ್‌ಗೆ ಎರಡೆರಡು ತಂತಿ. ಒಂದು ಹೋಗುವುದು, ಒಂದು ವಾಪಸ್ ಬರುವುದು. ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ನೀಲಿ, ಹಸಿರು ವಾಪಸ್ ತಂತಿಗಳು. ವಾಪಸ್ ತಂತಿ ಕಡಿದರೂ ಹಾಡು ಪೂರ್ತಿ ನಿಲ್ಲುವುದಿಲ್ಲ. ತಂತಿ ತಂತಿ ಪಕ್ಕಪಕ್ಕ ಇರುತ್ತದಲ್ಲ, ಮೇಲಿನ ಸ್ವರಗಳು ಹೇಗೋ ನುಸುಳಿ ದಾಟುತ್ತವೆ, ಬೇಸ್ ದಾಟುವುದಿಲ್ಲ. ಅದಕ್ಕೇ ಟೆಲಿಫೋನ್ ಸದ್ದು. ಇನ್ನೊಂದು ತಂತಿ ಒಂಟಿಯಾಗಿ ಆಂಟೆನಾ ಥರ ನಿಂತು ಮನೆಯ ಕರೆಂಟಿನ ಹಮ್ಮನ್ನೆಲ್ಲ ಹಿಡಿಯುತ್ತದೆ. ಫೋನೋ ಸ್ಟೇಜ್ ಬೇರೆ 50 ಹರ್ಟ್ಸನ್ನು ನಡುವಿನ ಸ್ವರಗಳಿಗಿಂತ ಸುಮಾರು 17 ಡೆಸಿಬೆಲ್ ಜಾಸ್ತಿ ಎತ್ತುತ್ತದೆ, ಪ್ಲೇಟ್ ಕೊರೆಯುವಾಗ ಬೇಸ್ ಇಳಿಸಿರುತ್ತಾರಲ್ಲ, ಅದನ್ನು ಸರಿದೂಗಿಸಲು. ಹಾಗಾಗಿ ಸಣ್ಣ ಹಮ್ಮೂ ದೊಡ್ಡದಾಗಿ ಕೇಳುತ್ತದೆ.

ನನ್ನ ಅನುಮಾನ ಹಸಿರು ತಂತಿ. ಆದರೆ ಅನುಮಾನದ ಮೇಲೆ ಹೆಡ್‌ಶೆಲ್‌ಗೆ ಕೈ ಹಾಕಬೇಡಿ. ಮೊದಲು ಆಂಪ್ ಆಫ್ ಮಾಡಿ, ಫೋನೋ ಸ್ಟೇಜಿಗೆ ಹೋಗುವ ಎರಡು ಪಿನ್ನುಗಳನ್ನು ಅದಲುಬದಲು ಚುಚ್ಚಿ. ತೆಳು ಸದ್ದು ಎಡ ಸ್ಪೀಕರಿಗೆ ಹೋದರೆ ತಪ್ಪು ಟರ್ನ್‌ಟೇಬಲ್ ಕಡೆ. ಬಲಗಡೆಯೇ ಉಳಿದರೆ ಫೋನೋ ಸ್ಟೇಜ್ ಅಥವಾ ಅದರಿಂದ ಮುಂದೆ.

ಕಪ್ಪು ತಟ್ಟೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಂದೂ ಸದ್ದಿನದೇ ತೊಂದರೆ. ಎರಡೂ ಕಡೆ ಹಾಡು ಒಡೆದು ಒಡೆದು ಬರುತ್ತದೆ, ಬೇಸ್ ವಿಪರೀತ, ವಾಲ್ಯೂಮ್ ಸ್ವಲ್ಪ ತಿರುಗಿಸಿದರೂ ಕಿವಿ ಕಿತ್ತು ಹೋಗುತ್ತದೆ. ಇದೂ ತಂತಿಯದೇನಾ?

ಹಳೇ ಬೆಸುಗೆ

ಅಲ್ಲ. ನಿಮ್ಮ ಟರ್ನ್‌ಟೇಬಲಿನ ಹಿಂದೆ ಒಂದು ಸಣ್ಣ ಸ್ವಿಚ್ ಇರಬಹುದು, ಒಂದು ಕಡೆ `PHONO`, ಇನ್ನೊಂದು ಕಡೆ `LINE` ಅಂತ. `LINE`ನಲ್ಲಿ ಇಟ್ಟು ಆಂಪಿನ ಫೋನೋ ಸಾಕೆಟ್‌ಗೆ ಕೊಟ್ಟಿದ್ದೀರಿ ಅನಿಸುತ್ತದೆ. ಎರಡು ಫೋನೋ ಸ್ಟೇಜ್ ಒಂದರ ಹಿಂದೆ ಒಂದು ಬಿದ್ದಿವೆ. ಸ್ವಿಚ್ ತಳ್ಳಿ ನೋಡಿ, ಆಗದಿದ್ದರೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಬೆರೆಸಿದರೆ ಇಬ್ಬರಿಗೂ ಗೊಂದಲ.

ಕಪ್ಪು ತಟ್ಟೆ

ಸ್ವಿಚ್ಚೇ ಸಾರ್! ಮೂರು ತಿಂಗಳಿಂದ ಹಾಗೇ ಕೇಳುತ್ತಿದ್ದೆ. ಪ್ಲೇಟುಗಳೇ ಸವೆದಿವೆ ಅಂದುಕೊಂಡಿದ್ದೆ.

ಶಾಲ್ಮಲಾ

ಅದಲುಬದಲು ಮಾಡಿದೆ. ತೆಳು ಸದ್ದು, ದೊಡ್ಡ ಹಮ್ ಎರಡೂ ಎಡ ಸ್ಪೀಕರಿಗೆ ಹೋದವು. ಅಂದರೆ ಫೋನೋ ಸ್ಟೇಜ್, ಆಂಪ್, ಸ್ಪೀಕರ್ ಎಲ್ಲ ಪಾರು. ಇನ್ನು ಮಲ್ಟಿಮೀಟರ್ ತೆಗೆಯಲಾ?

ರಬ್ಬರ್ ಬೆಲ್ಟ್

ಮಲ್ಟಿಮೀಟರ್ ಇಡಲೇಬೇಡಿ! ಕಾರ್ಟ್ರಿಜ್ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ. ಎಷ್ಟೋ ಜನ ಹಾಳು ಮಾಡಿಕೊಂಡಿದ್ದಾರೆ.

ಹಳೇ ಬೆಸುಗೆ

ಅರ್ಧ ಸರಿ. ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳಿವೆ, ಅವುಗಳ ಸುರುಳಿ ಕೂದಲಿಗಿಂತ ತೆಳು, ಸ್ಟೈಲಸ್ ಕಡ್ಡಿಗೇ ಅಂಟಿರುತ್ತದೆ. ಅವಕ್ಕೆ ಮೀಟರ್ ಹಿಡಿಯಲು ನಾನೂ ಹೋಗುವುದಿಲ್ಲ. ಇವರದು ಮೂವಿಂಗ್ ಮ್ಯಾಗ್ನೆಟ್. ಸುರುಳಿ ನೂರಾರು ಓಮ್, ಕದಲದೆ ಕೂತಿರುತ್ತದೆ. ಮೀಟರಿನ 2 ಕಿಲೋ ಓಮ್ ರೇಂಜಿನಲ್ಲಿ ಒಂದೆರಡು ಸೆಕೆಂಡ್ ಅಳೆದರೆ ಏನೂ ಆಗುವುದಿಲ್ಲ. ನಾನು ಹೀಗೆ ಬಹಳ ಸಲ ಅಳೆದಿದ್ದೇನೆ.

ಮೇಡಂ, ಪಿನ್ನುಗಳನ್ನು ಫೋನೋ ಸ್ಟೇಜಿನಿಂದ ಕಿತ್ತು ಹೊರಗೆ ತೆಗೆಯಿರಿ. ಸ್ಟೈಲಸ್‌ಗೆ ಮುಚ್ಚಳ ಹಾಕಿ. ಪ್ರತಿ ಪಿನ್ನಿನ ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಮೀಟರ್ ಇಡಿ. ನಿಮ್ಮ ಕಾರ್ಟ್ರಿಜ್‌ಗೆ ಕಂಪನಿ ಕೊಟ್ಟಿರುವ ಲೆಕ್ಕ 485 ಓಮ್. ಆರ್ಮಿನ ತಂತಿ, ಕೇಬಲ್ ಸೇರಿ ಒಂದೆರಡು ಓಮ್ ಜಾಸ್ತಿ ಬರಬಹುದು. ಅಳೆಯುವಾಗಲೇ ಆರ್ಮನ್ನು ನಿಧಾನಕ್ಕೆ ಆಚೀಚೆ ಆಡಿಸಿ, ಹೆಡ್‌ಶೆಲ್‌ನ ಬಳೆಯನ್ನು ಸ್ವಲ್ಪ ಅಲುಗಿಸಿ. ಅಂಕಿ ಕುಣಿಯುತ್ತದಾ ನೋಡಿ.

ಶಾಲ್ಮಲಾ

ಎಡ: 491, ಅಲುಗಾಡಿಸಿದರೂ ಹಾಗೇ ಇದೆ.
ಬಲ: ಏನೂ ಇಲ್ಲ, ಪರದೆಯಲ್ಲಿ `OL`. ಒಂದೇ ಒಂದು ಸಲ ಆರ್ಮ್ ತಿರುಗಿಸುವಾಗ 500ರ ಹತ್ತಿರ ಮಿಂಚಿ ಹೋಯಿತು.

ಹೊಸ ಕಾರ್ಟ್ರಿಜ್ಜೇ ಹೋಗಿದೆಯಾ? ಹೊಟ್ಟೆ ಉರಿಯುತ್ತಿದೆ.

ಲೋಹಿತ

ವಾರಂಟಿ ಇರುತ್ತದಲ್ವಾ, ವಾಪಸ್ ಕಳಿಸಿಬಿಡಿ.

ಹಳೇ ಬೆಸುಗೆ

ಇನ್ನೂ ಬೇಡ. ಒಂದು ಸಲ ಅಂಕಿ ಮಿಂಚಿತು ಅಂದರೆ ಸುರುಳಿ ಜೀವಂತ ಇದೆ, ದಾರಿಯಲ್ಲಿ ಎಲ್ಲೋ ಸಂದು ಬಿಟ್ಟಿದೆ. ದಾರಿಯನ್ನು ತುಂಡು ತುಂಡಾಗಿ ನೋಡಿ. ಹೆಡ್‌ಶೆಲ್ ಬಿಚ್ಚಿ, ಅದರ ಹಿಂದೆ ನಾಲ್ಕು ಸಣ್ಣ ಚುಕ್ಕಿ ಥರ ಕಾಂಟ್ಯಾಕ್ಟ್ ಇವೆ. ಅಲ್ಲಿ ಬಲ ಚಾನೆಲಿನ ಎರಡರ ನಡುವೆ ಅಳೆಯಿರಿ. ಸರಿಯಾದ ಅಂಕಿ ಬಂದರೆ ತಪ್ಪು ಆರ್ಮಿನ ಒಳಗೆ ಅಥವಾ ಆ ಚುಕ್ಕಿಗಳ ಕೊಳೆಯಲ್ಲಿ. ಬರದಿದ್ದರೆ ಕಾರ್ಟ್ರಿಜ್‌ನ ಹಿಂದಿನ ಪಿನ್ನುಗಳ ಮೇಲೇ ಅಳೆಯಿರಿ. ಅಲ್ಲಿ ಬಂದರೆ ನಾಲ್ಕು ಗಿಡ್ಡ ತಂತಿಗಳಲ್ಲಿ ಒಂದು ಹೋಗಿದೆ.

ಶಾಲ್ಮಲಾ

ಚುಕ್ಕಿಗಳಲ್ಲಿ `OL`. ಕಾರ್ಟ್ರಿಜ್ ಪಿನ್ನಿನ ಮೇಲೆ 486!! ಕಾರ್ಟ್ರಿಜ್ ಚೆನ್ನಾಗಿದೆ.

ಭೂತಗನ್ನಡಿ ಹಿಡಿದು ನೋಡಿದೆ. ಹಸಿರು ತಂತಿಯ ಕ್ಲಿಪ್ ಪಿನ್ನಿಗೆ ಕಚ್ಚಿಕೊಂಡೇ ಇದೆ, ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಚಿಮಟದಲ್ಲಿ ತಂತಿಯನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದೆ. ಕ್ಲಿಪ್ಪಿನ ಕುತ್ತಿಗೆಯಲ್ಲಿ ತಂತಿ ಕಡಿದು, ಬರೀ ಹಸಿರು ಸಿಪ್ಪೆಯ ಬಲದಲ್ಲಿ ನಿಂತಿತ್ತು. ಒಳಗೆ ನಾಲ್ಕೈದು ತಾಮ್ರದ ಎಳೆ ಕೂದಲಿನ ಹಾಗೆ ಎದ್ದಿವೆ.

ತಪ್ಪು ನಂದೇ. ಹಾಕುವಾಗ ಆ ಕ್ಲಿಪ್ ಬಿಗಿಯಾಗಿತ್ತು. ಹಳೇ ಕಾರ್ಟ್ರಿಜ್‌ನಿಂದ ಕೀಳುವಾಗ ತಂತಿ ಹಿಡಿದೇ ಎಳೆದಿದ್ದೆ.

ಹಳೇ ಬೆಸುಗೆ

ಎಲ್ಲರೂ ಒಂದು ಸಲ ಮಾಡುವ ತಪ್ಪು. ನಾನು ಕೆಲಸ ಕಲಿಯುವಾಗ ಒಂದೇ ದಿನ ಮೂರು ಕಿತ್ತಿದ್ದೆ, ಬೈಗುಳ ಇನ್ನೂ ಕಿವಿಯಲ್ಲಿದೆ.

ಹಳೇ ಕ್ಲಿಪ್ಪಿಗೇ ಬೆಸುಗೆ ಹಾಕಲು ಹೋಗಬೇಡಿ. ಕ್ಲಿಪ್ ಕಾರ್ಟ್ರಿಜ್ ಮೇಲೆ ಇರುವಾಗಲಂತೂ ಸೋಲ್ಡರಿಂಗ್ ಐರನ್ನನ್ನು ಹತ್ತಿರಕ್ಕೇ ತರಬೇಡಿ. ಬಿಸಿ ಪಿನ್ ಹಿಡಿದು ಒಳಗೆ ಹೋಗಿ ಸುರುಳಿಯ ಕೊನೆಯ ಬೆಸುಗೆಯನ್ನೇ ಕರಗಿಸುತ್ತದೆ. ಆಗ ನಿಜವಾಗಲೂ ಕಾರ್ಟ್ರಿಜ್ ಹೋಗುತ್ತದೆ. ನಾಲ್ಕು ತಂತಿಯ ಸೆಟ್ಟೇ ಸಿಗುತ್ತದೆ, ನಾಲ್ಕನ್ನೂ ಬದಲಿಸಿ. ಉಳಿದ ಮೂರಕ್ಕೂ ಅಷ್ಟೇ ವಯಸ್ಸು.

ಹಾಕುವಾಗ ಕ್ಲಿಪ್ಪಿನ ಲೋಹವನ್ನೇ ಚಿಮಟದಲ್ಲಿ ಹಿಡಿದು ನೇರ ತಳ್ಳಿ. ಬಿಗಿ ಅನಿಸಿದರೆ ಹಲ್ಲು ಚುಚ್ಚುವ ಕಡ್ಡಿಯ ಮೊನೆಯನ್ನು ಕ್ಲಿಪ್ಪಿನೊಳಗೆ ತೂರಿಸಿ ಸ್ವಲ್ಪ ಅಗಲ ಮಾಡಿ. ಸಡಿಲ ಅನಿಸಿದರೆ ಅದೇ ಕಡ್ಡಿ ಒಳಗಿಟ್ಟುಕೊಂಡು ಮೇಲಿಂದ ಇಕ್ಕಳದಲ್ಲಿ ಮೆತ್ತಗೆ ಒತ್ತಿ. ಕಡ್ಡಿ ಇಲ್ಲದೆ ಒತ್ತಿದರೆ ಕ್ಲಿಪ್ ಚಪ್ಪಟೆಯಾಗುತ್ತದೆ. ಹೆಡ್‌ಶೆಲ್ ಬಿಚ್ಚಿದ್ದೀರಲ್ಲ, ಆ ನಾಲ್ಕು ಚುಕ್ಕಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದಿಬಿಡಿ. ಆರ್ಮಿನ ಒಳಗಿನ ಪಿನ್ನುಗಳಿಗೆ ಸ್ಪ್ರಿಂಗ್ ಇರುತ್ತದೆ, ಅವನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು.

ರಬ್ಬರ್ ಬೆಲ್ಟ್

ಒಪ್ಪಿದೆ, ಗ್ರೌಂಡ್ ಅಲ್ಲ. ಆದರೂ ಎಡಗಡೆ ಹಮ್ ಇದೆಯಲ್ಲ, ಅದು ಏನು? ಆಂಪಿನ ಪ್ಲಗ್‌ನ ಅರ್ತಿಂಗ್ ಪಿನ್ನಿಗೆ ಟೇಪ್ ಸುತ್ತಿ ನೋಡಿ. ನಮ್ಮನೆಯಲ್ಲಿ ಹಮ್ ಹೋಗಿದ್ದು ಅದರಿಂದಲೇ.

ಹಳೇ ಬೆಸುಗೆ

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ರಬ್ಬರ್ ಬೆಲ್ಟ್, ನೀವೂ ಇವತ್ತೇ ಆ ಟೇಪ್ ಬಿಚ್ಚಿ. ಆ ಪಿನ್ ಇರುವುದು ಹಮ್ಮಿಗಲ್ಲ. ಆಂಪಿನ ಒಳಗೆ ಕರೆಂಟ್ ಮೈಗೆ ತಗುಲಿದರೆ ಅದು ನಿಮ್ಮ ಕೈಗೆ ಬರದೆ ನೆಲಕ್ಕೆ ಹೋಗಲಿ ಅಂತ. ಆರ್ಮಿನ ಲೋಹಕ್ಕೂ ಆಂಪಿನ ಮೈಗೂ ಗ್ರೌಂಡ್ ವೈರ್ ಇದೆ. ಪ್ರತಿ ಸಲ ಪ್ಲೇಟ್ ತಿರುವಿ ಹಾಕುವಾಗ ನೀವು ಮುಟ್ಟುವುದು ಅದನ್ನೇ.

ರಬ್ಬರ್ ಬೆಲ್ಟ್

ಸರಿ ಸರಿ, ಬಿಚ್ಚುತ್ತೇನೆ. ಆದರೆ ಹಮ್ ವಾಪಸ್ ಬರುತ್ತದಲ್ಲ…

ಶಾಲ್ಮಲಾ

ನಾಲ್ಕು ದಿನ ಆದ ಮೇಲೆ ಬರುತ್ತಿದ್ದೇನೆ. ಹೊಸ ತಂತಿ ಬಂತು, ಹಾಕಿದೆ. ಎಡ 489, ಬಲ 490. ಬಲ ಸ್ಪೀಕರ್‌ನಲ್ಲಿ ಮೃದಂಗದ ಎಡಭಾಗದ ಗುಮ್ಮು ಮತ್ತೆ ಕೇಳಿ ಖುಷಿಯಾಯಿತು. ದೊಡ್ಡ ಹಮ್ ಹೋಯಿತು.

ಈಗ ಉಳಿದಿರುವುದು ಸಣ್ಣದು, ಎರಡೂ ಕಡೆ ಸಮ. ಆರ್ಮ್ ಮುಟ್ಟಿದರೆ ಪೂರ್ತಿ ಅಡಗುತ್ತದೆ. ಗ್ರೌಂಡ್ ವೈರಿನ ಕವಲು ತುದಿಗೂ ಆರ್ಮಿಗೂ ನಡುವೆ ಅಳೆದೆ, `OL` ಬಂತು. ಅಂದರೆ ಗ್ರೌಂಡ್ ವೈರ್ ಕಡಿದಿದೆ, ಅಲ್ವಾ?

ಹಳೇ ಬೆಸುಗೆ

ಆರ್ಮಿನ ಯಾವ ಜಾಗದಲ್ಲಿ ಮೀಟರ್ ಕಡ್ಡಿ ಇಟ್ಟಿರಿ? ಬಣ್ಣ ಬಳಿದ ಜಾಗದಲ್ಲಿ ಇಟ್ಟರೆ ವೈರ್ ಚೆನ್ನಾಗಿದ್ದರೂ `OL` ಬರುತ್ತದೆ. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ. ಆರ್ಮ್ ಬುಡದ ಬರೀ ತಿರುಪಿನ ತಲೆ ಅಥವಾ ಹೆಡ್‌ಶೆಲ್ ಬಿಗಿಯುವ ಬೆಳ್ಳಗಿನ ಬಳೆ ಹುಡುಕಿ. ಅಳೆಯುತ್ತಾ ವೈರನ್ನು ಬುಡದಿಂದ ತುದಿವರೆಗೂ ಬಗ್ಗಿಸಿ ನೋಡಿ.

ಶಾಲ್ಮಲಾ

ಸಾರ್, ಕಪ್ಪು ಬಣ್ಣದ ಕೊಳವೆ ಮೇಲೇ ಇಟ್ಟಿದ್ದೆ.

ತಿರುಪಿನ ಮೇಲೆ ಇಟ್ಟರೆ 0.6 ಓಮ್. ಆದರೆ ಕವಲು ತುದಿಯಿಂದ ಎರಡು ಬೆರಳು ಹಿಂದೆ ಬಗ್ಗಿಸಿದರೆ `OL`, ನೇರ ಮಾಡಿದರೆ ಮತ್ತೆ 0.6. ಫೋನೋ ಸ್ಟೇಜಿನ ಹಿಂದೆ ಗೋಡೆ ಹತ್ತಿರ ಇದೆ, ವೈರ್ ಅಲ್ಲಿ ಯಾವಾಗಲೂ ಬಗ್ಗಿಕೊಂಡೇ ಇರುತ್ತಿತ್ತು. ನಾನು ತುದಿ ಎಷ್ಟು ಕೆರೆದರೇನು, ಸಿಪ್ಪೆ ಒಳಗೆ ಕಡಿದಿತ್ತು.

ಪರೀಕ್ಷೆಗೆ ಬೇರೆ ವೈರ್ ತುಂಡನ್ನು ಆರ್ಮ್ ಬುಡದ ತಿರುಪಿನಿಂದ ಫೋನೋ ಸ್ಟೇಜಿನ `GND` ತಿರುಪಿಗೆ ಹಿಡಿದೆ. ಹಮ್ ಟಕ್ ಅಂತ ನಿಂತಿತು. ಆಮೇಲೆ ಹಳೇ ವೈರನ್ನು ಕಡಿದ ಜಾಗದಿಂದ ಆಚೆ ಕತ್ತರಿಸಿ, ಸಿಪ್ಪೆ ಬಿಡಿಸಿ, ಹೊಸ ಕವಲು ಒತ್ತಿದೆ. ಮೂರು ಸೆಂಟಿಮೀಟರ್ ಗಿಡ್ಡ ಆಯಿತು ಅಷ್ಟೇ.

ಚಿದು

ಮೊದಲಿಂದ ಓದಿದೆ. ನನ್ನ ಟರ್ನ್‌ಟೇಬಲ್‌ಗೆ ಗ್ರೌಂಡ್ ವೈರೇ ಇಲ್ಲ, ಕಂಪನಿಯಿಂದಲೇ ಹಾಗೆ ಬಂದದ್ದು. ಹಮ್ಮೂ ಇಲ್ಲ. ನಾನೂ ಒಂದು ಎಳೆಯಬೇಕಾ?

ಹಳೇ ಬೆಸುಗೆ

ಬೇಡ. ಕೆಲವರು ಆರ್ಮಿನ ಲೋಹವನ್ನು ಒಳಗೇ ಒಂದು ಚಾನೆಲಿನ ವಾಪಸ್ ತಂತಿಗೆ ಸೇರಿಸಿರುತ್ತಾರೆ. ಅದರ ಮೇಲೆ ಇನ್ನೊಂದು ವೈರ್ ಎಳೆದರೆ ಗ್ರೌಂಡಿಗೆ ಎರಡು ದಾರಿ ಆಗಿ, ಇಲ್ಲದ ಹಮ್ಮನ್ನು ಕರೆದು ಕೂರಿಸಿದ ಹಾಗೆ. ಅದಕ್ಕೇ ಗ್ರೌಂಡ್ ವೈರ್ ಇದ್ದವರೂ ಒಮ್ಮೆ ಬಿಚ್ಚಿ ಕೇಳಬೇಕು, ಒಮ್ಮೆ ಹಾಕಿ ಕೇಳಬೇಕು. ಯಾವುದು ಮೌನವೋ ಅದನ್ನು ಇಟ್ಟುಕೊಳ್ಳಿ. ವಾಲ್ಯೂಮ್ ಇಳಿಸಿಕೊಂಡು ಬಿಚ್ಚಿ, ಇಲ್ಲದಿದ್ದರೆ ಸ್ಪೀಕರ್ ಗೊರ್ ಅನ್ನುತ್ತದೆ.

ಶಾಲ್ಮಲಾ

ಇನ್ನೊಂದು ಸಣ್ಣದು ಕಂಡುಬಂತು. ಈಗ ಆರ್ಮ್ ಅದರ ಜಾಗದಲ್ಲಿದ್ದರೆ ನಿಶ್ಶಬ್ದ. ವಾಲ್ಯೂಮ್ ಜಾಸ್ತಿ ಮಾಡಿ ಆರ್ಮನ್ನು ಗಾಳಿಯಲ್ಲೇ ಪ್ಲೇಟಿನ ನಡುವಿನ ಕಡೆ ತಂದರೆ ಸಣ್ಣ ಹಮ್ ಏಳುತ್ತದೆ. ಮೋಟಾರ್ ನಿಂತೇ ಇದೆ.

ಹಳೇ ಬೆಸುಗೆ

ಆರ್ಮ್ ಒಳಗೆ ಹೋದಾಗ ಕಾರ್ಟ್ರಿಜ್ ಯಾವುದಕ್ಕೆ ಹತ್ತಿರವಾಗುತ್ತದೆ? ಎಡಗಡೆ ಆಂಪ್ ಇದೆಯಾ? ಅದರ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಕಾರ್ಟ್ರಿಜ್‌ನ ಸುರುಳಿ ನೇರ ಹಿಡಿಯುತ್ತದೆ. ಅದಕ್ಕೆ ಯಾವ ಗ್ರೌಂಡೂ ಮದ್ದಲ್ಲ, ದೂರ ಇಡುವುದೊಂದೇ.

ಶಾಲ್ಮಲಾ

ಎಡಗಡೆ, ಒಂದು ಗೇಣು ದೂರದಲ್ಲೇ ಇತ್ತು! ಕೆಳಗಿನ ಹಲಗೆಗೆ ಇಳಿಸಿದೆ. ಮುಕ್ಕಾಲು ಪಾಲು ಕಮ್ಮಿಯಾಯಿತು. ಪೂರ್ತಿ ಹೋಗಿಲ್ಲ, ಆದರೆ ಹಾಡು ನುಡಿಯುವಾಗ ಕೇಳುವುದಿಲ್ಲ.

ಒಂದೇ ಒಂದು ಅರ್ಥವಾಗದೆ ಉಳಿದಿದೆ. ಪ್ಲೇಟುಗಳನ್ನು ರೆಕಾರ್ಡ್ ಮಾಡಿಕೊಳ್ಳಲು ಲ್ಯಾಪ್‌ಟಾಪನ್ನು ಆಂಪಿಗೆ ಜೋಡಿಸಿದರೆ ಬೇರೆ ಥರದ ಹಮ್ ಬರುತ್ತದೆ, ಸ್ವಲ್ಪ ಕರಕರ ಅನ್ನುವ ಹಾಗೆ. ಆರ್ಮ್ ಮುಟ್ಟಿದರೂ ಬದಲಾಗುವುದಿಲ್ಲ.

ರಬ್ಬರ್ ಬೆಲ್ಟ್

ಅದೇ! ನಮ್ಮನೆಯದೂ ಅದೇ ಕರಕರ. ಟೇಪ್ ಬಿಚ್ಚಿದ ಮೇಲೆ ವಾಪಸ್ ಬಂದಿದೆ, ನಾನೂ ಕಂಪ್ಯೂಟರ್ ಜೋಡಿಸಿದ್ದೇನೆ.

ಹಳೇ ಬೆಸುಗೆ

ಇಬ್ಬರೂ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹೋದರೆ ಚಾರ್ಜರ್ ದಾರಿಯಲ್ಲಿ ಬರುವ ಗ್ರೌಂಡ್ ಲೂಪ್. ಹೋಗದಿದ್ದರೆ ನಾನೂ ಯೋಚನೆ ಮಾಡಬೇಕು.

ರಬ್ಬರ್ ಬೆಲ್ಟ್

ನಂದು ಡೆಸ್ಕ್‌ಟಾಪ್ ಸಾರ್. ಬ್ಯಾಟರಿ ಎಲ್ಲಿಂದ ತರಲಿ?

ಶಾಲ್ಮಲಾ

ನಂದು ಬ್ಯಾಟರಿಯಲ್ಲಿ ಅರ್ಧ ಕಮ್ಮಿ ಆಯಿತು. ಪೂರ್ತಿ ಅಲ್ಲ. ಭಾನುವಾರ ಕೇಬಲ್ ಬದಲಿಸಿ ನೋಡಿ ಮತ್ತೆ ಬರೆಯುತ್ತೇನೆ.